ವಿಷಯ: ಇಂದು (ಜೂನ್ 12, ಗುರುವಾರ) 11 ಗಂಟೆಯ ಸಂದರ್ಶನ ನಡೆಯಲಿಲ್ಲ – ಇನ್ನೊಂದು ದಿನ ಕೊಡಲು ಕೋರಿಕೆ

ಮಾನ್ಯ ಸಂದರ್ಶನ ಸಮಿತಿಯವರಿಗೆ,

ನಮಸ್ಕಾರ.

ನಾನು ಕನ್ನಡ ಅನುವಾದಕರ ಹುದ್ದೆಗೆ ಅರ್ಜಿ ಹಾಕಿರುವ ಶ್ರುತಿ. ಇವತ್ತು ಬೆಳಿಗ್ಗೆ 11ಕ್ಕೆ ಗೂಗಲ್ ಮೀಟ್‌ನಲ್ಲಿ ನನ್ನ ಎರಡನೇ ಸುತ್ತಿನ ಸಂದರ್ಶನ ಇತ್ತು. ಸಂದರ್ಶನ ಮಾಡಬೇಕಿದ್ದ ಸಂಪಾದಕರು ಬರಲಿಲ್ಲ. ನನ್ನ ಹೆಸರಿನ ಮುಂದೆ 'ಗೈರುಹಾಜರಿ' ಅಂತ ಬಿದ್ದುಬಿಡಬಾರದಲ್ಲ, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

10:50ಕ್ಕೇ ಲಿಂಕ್ ತೆರೆದೆ. ಒಳಗೆ ನಾನೊಬ್ಬಳೇ ಇದ್ದೆ. ತಪ್ಪು ಲಿಂಕ್ ಒತ್ತಿದೆನೇನೋ ಎಂದು ಸೋಮವಾರ ನೀವು ಕಳಿಸಿದ್ದ ಮೇಲ್ ಮತ್ತೆ ನೋಡಿದೆ. ಲಿಂಕ್, ತಾರೀಖು, ಸಮಯ ಎಲ್ಲ ಸರಿಯಾಗಿಯೇ ಇತ್ತು. 11:15ಕ್ಕೆ ಅದರಲ್ಲಿದ್ದ ನಂಬರಿಗೆ ಎರಡು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ವಾಟ್ಸಾಪ್‌ನಲ್ಲೂ ಒಂದು ಸಂದೇಶ ಹಾಕಿದೆ. 11:50ರವರೆಗೆ ಕಾದು ಹೊರಬಂದೆ. ಸಮಯ ಕಾಣುವ ಎರಡು ಸ್ಕ್ರೀನ್‌ಶಾಟ್ ಈ ಮೇಲ್ ಜೊತೆಗಿವೆ.

ಇವಳ ಕಡೆಯೇ ನೆಟ್ ಹೋಗಿರಬೇಕು ಎಂದು ನಿಮಗೆ ಅನ್ನಿಸಬಹುದು. ಮಳೆಗಾಲ, ಅದರಲ್ಲೂ ಮಲೆನಾಡು, ಅಲ್ವಾ! ಆ ಭಯಕ್ಕೇ ನಾನು ಮನೆಯಿಂದ ಸಂದರ್ಶನಕ್ಕೆ ಕೂರಲಿಲ್ಲ. ನಮ್ಮ ಊರು ಆಗುಂಬೆ ಹತ್ತಿರ. ಜೋರು ಮಳೆ ಬಂದರೆ ಕರೆಂಟೂ ಇಲ್ಲ, ಟವರೂ ಇಲ್ಲ. ನಿನ್ನೆ ಸಂಜೆಯೇ ಬಸ್ಸು ಹತ್ತಿ ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಗೆ ಬಂದು ಉಳಿದೆ. ಇಲ್ಲಿ ಯುಪಿಎಸ್ ಇದೆ, ವೈಫೈ ಇದೆ. ಬೆಳಗಿನಿಂದ ಒಂದು ಸಲವೂ ಕಡಿದುಹೋಗಲಿಲ್ಲ. ಎರಡು ದಿನದ ಟ್ಯೂಷನ್ ತರಗತಿಗಳನ್ನೂ ಬಿಟ್ಟು ಬಂದಿದ್ದೆ. ದೂರಬೇಕು ಅಂತಲ್ಲ, ಆದರೆ ಬೇಸರವಾಗಿದ್ದು ನಿಜ. ಬರಲಾಗುವುದಿಲ್ಲ ಎಂದು ಒಂದು ಸಾಲು ಬಂದಿದ್ದರೂ ಸಾಕಿತ್ತು.

ಅವರಿಗೆ ಏನೋ ತುರ್ತು ಬಂದಿರಬಹುದು. ಹಾಗಿದ್ದರೆ ಇನ್ನೊಂದು ದಿನ ಕೊಡಿ. ಹುದ್ದೆಯ ಬಗ್ಗೆ ನನ್ನ ಆಸಕ್ತಿ ಕಮ್ಮಿಯಾಗಿಲ್ಲ. ನಾಳೆ ಮಧ್ಯಾಹ್ನ 3ರ ಒಳಗೆ ಆಗುವುದಾದರೆ ತುಂಬಾ ಒಳ್ಳೆಯದು, ಇನ್ನೂ ಇಲ್ಲೇ ಇರುತ್ತೇನೆ. ಇಲ್ಲದಿದ್ದರೆ ಮುಂದಿನ ಮಂಗಳವಾರ ಅಥವಾ ಬುಧವಾರ, ಬೆಳಿಗ್ಗೆ 10ರಿಂದ 1ರ ನಡುವೆ ಯಾವಾಗಲಾದರೂ ಸರಿ. ಎರಡು ದಿನ ಮೊದಲೇ ತಿಳಿಸಿದರೆ ಮತ್ತೆ ಇಲ್ಲಿಗೆ ಬರಲು ಅನುಕೂಲ. ಅವತ್ತು ಅವರಿಗೆ ಬಿಡುವಾಗದಿದ್ದರೆ ಸಮಿತಿಯ ಬೇರೆ ಯಾರಾದರೂ ಮಾತಾಡಿಸಿದರೂ ಆದೀತು.

ಮೇ ಕೊನೆಯಲ್ಲಿ ಕಳಿಸಿದ್ದ ಮಾದರಿ ಅನುವಾದದ ಬಗ್ಗೆ ಇವತ್ತೇ ಮಾತಾಡುವುದಿತ್ತು. ಅದು ಕೈಗೆ ಸಿಕ್ಕಿಲ್ಲವಾದರೆ ಹೇಳಿ, ಮತ್ತೆ ಕಳಿಸುತ್ತೇನೆ.

ನಾಳೆ 4 ಗಂಟೆಯ ಬಸ್ಸಿಗೆ ಊರಿಗೆ ಹೊರಡುತ್ತೇನೆ. ಅಲ್ಲಿಯವರೆಗೆ ಫೋನಿಗೆ ಸಿಗುತ್ತೇನೆ. ಆಮೇಲಾದರೆ ದಯವಿಟ್ಟು ಒಂದು ಎಸ್ಸೆಮ್ಮೆಸ್ ಹಾಕಿ. ಟವರ್ ಬಂದ ಕೂಡಲೇ ನೋಡಿ ಉತ್ತರಿಸುತ್ತೇನೆ. ನಂಬರ್ ಅರ್ಜಿಯಲ್ಲಿರುವುದೇ.

ವಂದನೆಗಳೊಂದಿಗೆ,
ಶ್ರುತಿ