ಮೈ ನೋಡು, ಹಾಲು ಕೇಳು, ಉಸಿರು ಹುಡುಕು: ಪ್ರಾಣಿಗಳ ನಾಲ್ಕು ಗುಂಪುಗಳು

ಪಾಠಯೋಜನೆ
ತರಗತಿ: 3
ವಿಷಯ: ಪರಿಸರ ಅಧ್ಯಯನ
ಮಕ್ಕಳ ಸಂಖ್ಯೆ: 24
ಅವಧಿ: 40 ನಿಮಿಷಗಳ ಎರಡು ಪಿರಿಯಡ್, ಮಂಗಳವಾರ ಮತ್ತು ಗುರುವಾರ

ಪಾಠದ ಉದ್ದೇಶ

ನಾಲ್ಕು ಹೆಸರುಗಳನ್ನು ಬಾಯಿಪಾಠ ಮಾಡಿಸುವುದು ಉದ್ದೇಶವಲ್ಲ. ಹಿಂದೆಂದೂ ನೋಡದ ಒಂದು ಪ್ರಾಣಿಯ ಚಿತ್ರ ಕೈಗೆ ಕೊಟ್ಟಾಗ, ಅದು ಸಸ್ತನಿಯೋ ಪಕ್ಷಿಯೋ ಸರೀಸೃಪವೋ ಮೀನೋ ಎಂದು ತಿಳಿಯಲು ಯಾವ ಪ್ರಶ್ನೆ ಕೇಳಬೇಕೆಂಬುದು ಮಗುವಿಗೆ ಗೊತ್ತಿರಬೇಕು. ಉತ್ತರ ತಪ್ಪಿದರೂ ಪರವಾಗಿಲ್ಲ, ಪ್ರಶ್ನೆ ಸರಿಯಿದ್ದರೆ ಸಾಕು.

ಮಕ್ಕಳಿಗೆ ಈಗಾಗಲೇ ಗೊತ್ತಿರುವುದು

ಪ್ರಾಣಿಗಳ ಹೆಸರು, ಅವು ಇರುವ ಜಾಗ, ಮರಿಗಳ ಹೆಸರು ಗೊತ್ತಿದೆ. ಬೆನ್ನುಮೂಳೆಯ ಬಗ್ಗೆ ಹೋದ ವಾರ ಹೇಳಿಯಾಗಿದೆ. ತಮ್ಮ ಬೆನ್ನನ್ನೇ ಸವರಿ ನೋಡಿಕೊಂಡಿದ್ದಾರೆ. ಈ ನಾಲ್ಕೂ ಗುಂಪುಗಳು ಬೆನ್ನುಮೂಳೆ ಇರುವ ಪ್ರಾಣಿಗಳವು ಎಂಬುದನ್ನು ಆರಂಭದಲ್ಲೇ ಒಂದು ಮಾತಿನಲ್ಲಿ ನೆನಪಿಸಬೇಕು.

ಬೇಕಾಗುವ ಸಾಮಗ್ರಿ

ಮಗುವಿಗೊಂದರಂತೆ 24 ಚಿತ್ರಕಾರ್ಡುಗಳು: ಹಸು, ಬೆಕ್ಕು, ಆನೆ, ಇಲಿ, ಬಾವಲಿ, ತಿಮಿಂಗಿಲ, ಚಿಪ್ಪುಹಂದಿ, ಕಾಗೆ, ಗಿಳಿ, ಗೂಬೆ, ಬಾತುಕೋಳಿ, ಪೆಂಗ್ವಿನ್, ಉಷ್ಟ್ರಪಕ್ಷಿ, ಹಲ್ಲಿ, ಉಡ, ನಾಗರಹಾವು, ಆಮೆ, ಮೊಸಳೆ, ಊಸರವಳ್ಳಿ, ಗೋಲ್ಡ್‌ಫಿಶ್, ಶಾರ್ಕ್, ಕಡಲಕುದುರೆ, ಹಾರುಮೀನು, ಹಾವುಮೀನು. ಕಾರ್ಡಿನ ಹಿಂಬದಿಯಲ್ಲಿ ಗುಂಪಿನ ಹೆಸರು ಬರೆಯಬಾರದು. ಬರೆದರೆ ಮಕ್ಕಳು ಮೊದಲು ಅದನ್ನೇ ತಿರುಗಿಸಿ ನೋಡುತ್ತಾರೆ.

ಟೀಚರ್ ಕೈಯಲ್ಲಿ ಬೇರೆಯಾಗಿ ಇಟ್ಟುಕೊಳ್ಳಲು ಕಪ್ಪೆಯ ಕಾರ್ಡೊಂದು, ಲಕೋಟೆಯೊಳಗೆ ಅಂಗೈಯಗಲದ ಕನ್ನಡಿಯೊಂದು. ಇವುಗಳ ಜೊತೆಗೆ ತೊಳೆದು ಒಣಗಿಸಿದ ನಾಲ್ಕು ಕೋಳಿಪುಕ್ಕಗಳು, ಎರಡು ಭೂತಗನ್ನಡಿ, ನಾಲ್ಕು ರಟ್ಟಿನ ಪೆಟ್ಟಿಗೆ. ಜೀವಂತ ಪ್ರಾಣಿ ಯಾವುದೂ ಬೇಡ. ಅದಕ್ಕೂ ತೊಂದರೆ, ತರಗತಿಗೂ ತೊಂದರೆ.

ಮೊದಲ ಪಿರಿಯಡ್

*ಮೊದಲ 10 ನಿಮಿಷ: ತಪ್ಪಾಗಿ ವಿಂಗಡಿಸಲು ಬಿಡುವುದು*

ಕಾರ್ಡು ಹಂಚಿ ಇಷ್ಟೇ ಹೇಳುವುದು: “ನಿಮ್ಮ ಕಾರ್ಡಿನ ಪ್ರಾಣಿಗೆ ನೆಂಟರು ಯಾರು? ಹುಡುಕಿ, ಒಟ್ಟಿಗೆ ನಿಂತ್ಕೊಳ್ಳಿ.” ಬೇರೆ ಸೂಚನೆ ಕೊಡಬಾರದು.

ಸಾಮಾನ್ಯವಾಗಿ ಆಗುವುದು ಹೀಗೆ. ತಿಮಿಂಗಿಲ, ಶಾರ್ಕ್, ಪೆಂಗ್ವಿನ್, ಆಮೆ ಎಲ್ಲ “ನೀರಿನವು” ಎಂದು ಒಂದು ಕಡೆ. ಬಾವಲಿ, ಕಾಗೆ, ಹಾರುಮೀನು “ಹಾರುವವು” ಎಂದು ಇನ್ನೊಂದು ಕಡೆ. ಹಾವುಮೀನು ಹಿಡಿದವರು ನಾಗರಹಾವಿನ ಪಕ್ಕ. ಚಿಪ್ಪುಹಂದಿಯನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ.

ಈ ಹಂತದಲ್ಲಿ ತಿದ್ದಬಾರದು. ಮೊದಲ ವರ್ಷ ನಾನು ತಿದ್ದಲು ಹೋಗಿ ಪಾಠವನ್ನೇ ಕೆಡಿಸಿಕೊಂಡೆ. ಮಕ್ಕಳು ನನ್ನ ಮುಖ ನೋಡಿ ಜಾಗ ಬದಲಿಸತೊಡಗಿದರು, ಕಾರ್ಡನ್ನು ನೋಡಲಿಲ್ಲ. ಯಾರು ಎಲ್ಲಿ ನಿಂತಿದ್ದಾರೆಂದು ಬೋರ್ಡಿನ ಮೂಲೆಯಲ್ಲಿ ಬರೆದುಕೊಂಡರೆ ಸಾಕು, ಗುರುವಾರ ಬೇಕಾಗುತ್ತದೆ.

*ಮುಂದಿನ 20 ನಿಮಿಷ: ನಿಯಮ ಮುರಿಯುವುದು*

ಎಲ್ಲರೂ ಕೂತ ಮೇಲೆ: “ನೀರಲ್ಲಿರೋದೆಲ್ಲ ಮೀನು ಅಂದ್ರಿ. ಹಾಗಾದ್ರೆ ನಾನು ಕೆರೆಗಿಳಿದು ಈಜಿದ್ರೆ ಮೀನಾಗ್ತೀನಾ?” ನಗು ಬರುತ್ತದೆ. ಆ ನಗುವಿನ ಮೇಲೆಯೇ ಮುಂದಿನ ಪ್ರಶ್ನೆ: “ಮತ್ತೆ ತಿಮಿಂಗಿಲ ಹೇಗೆ ಮೀನಾಯ್ತು?”

ತಿಮಿಂಗಿಲಕ್ಕೆ ಸಮಯ ಕೊಡುವುದು ಒಳ್ಳೆಯದು, ಇಡೀ ಪಾಠದ ಬೀಗದ ಕೈ ಅದರಲ್ಲೇ ಇದೆ. ಮಕ್ಕಳಿಗೆ ಹೇಳಬೇಕಾದದ್ದು: ಅದಕ್ಕೆ ಕಿವಿರು ಇಲ್ಲ, ನಮ್ಮ ಹಾಗೆ ಶ್ವಾಸಕೋಶ ಇದೆ. ಮೂಗಿನ ಹೊಳ್ಳೆ ತಲೆಯ ಮೇಲ್ಭಾಗದಲ್ಲಿದೆ. ಎಷ್ಟು ಹೊತ್ತು ಮುಳುಗಿದರೂ ಉಸಿರಿಗೆ ಮೇಲೆ ಬರಲೇಬೇಕು. ಮರಿ ಹಾಕುತ್ತದೆ, ನೀರಿನೊಳಗೇ ಮರಿಗೆ ಹಾಲೂಡಿಸುತ್ತದೆ. ಕೂದಲೂ ಇದೆ. ಕೆಲವು ಜಾತಿಗಳ ಮೂತಿಯ ಮೇಲೆ ಬೆರಳೆಣಿಕೆಯಷ್ಟು ಉಳಿದಿರುತ್ತವೆ.

ಆಮೇಲೆ ಕೈಯಾಟ. ಎಲ್ಲರೂ ಅಂಗೈ ಚಾಚಿ ಮೀನಿನ ಬಾಲದಂತೆ ಎಡಕ್ಕೆ ಬಲಕ್ಕೆ ಆಡಿಸುವುದು. ಈಗ ಅಂಗೈ ಮಲಗಿಸಿ ತಿಮಿಂಗಿಲದ ಬಾಲದಂತೆ ಮೇಲೆ ಕೆಳಗೆ. “ಬೆಕ್ಕು ಓಡುವಾಗ ಬೆನ್ನು ಹೇಗೆ ಬಾಗುತ್ತೆ?” ಮೇಲೆ ಕೆಳಗೆ! ನೀರಿಗಿಳಿದರೂ ತಿಮಿಂಗಿಲ ನೆಲದ ನೆಂಟರ ಹಾಗೆಯೇ ಬೆನ್ನು ಬಗ್ಗಿಸುತ್ತದೆ. ಮೂರನೇ ತರಗತಿಗೆ ಇದು ಹೆಚ್ಚಾಯಿತು ಎಂದು ಕೆಲವರಿಗೆ ಅನಿಸಬಹುದು. ಮಕ್ಕಳು ತಿಂಗಳ ನಂತರವೂ ನೆನಪಿಟ್ಟುಕೊಳ್ಳುವುದು ಇದನ್ನೇ.

ಹಾರುವ ನಿಯಮವನ್ನು ಬಾವಲಿಯೇ ಮುರಿಯುತ್ತದೆ. ಪುಕ್ಕವನ್ನು ಗುಂಪಿಗೊಂದರಂತೆ ಕೊಟ್ಟು ಭೂತಗನ್ನಡಿಯಲ್ಲಿ ತೋರಿಸುವುದು. ಬೆರಳಿನಿಂದ ಪುಕ್ಕದ ಅಂಚನ್ನು ಬಿಡಿಸಿದರೆ ಸೀಳು ಬಿಡುತ್ತದೆ, ಬುಡದಿಂದ ತುದಿಗೆ ನೇವರಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಎಳೆಗಳಲ್ಲಿ ಪುಟ್ಟ ಕೊಕ್ಕೆಗಳಿವೆ, ಚೀಲದ ಜಿಪ್ಪಿನ ಹಾಗೆ. ಇದನ್ನು ಪ್ರತಿ ಮಗುವೂ ಒಮ್ಮೆ ಮಾಡಬೇಕು. ನಂತರ ಬಾವಲಿಯ ಚಿತ್ರ ಎತ್ತಿ ಹಿಡಿದು, “ಇಲ್ಲಿ ಪುಕ್ಕ ಹುಡುಕಿ.” ಸಿಗುವುದಿಲ್ಲ. ರೆಕ್ಕೆ ಎಂದುಕೊಂಡದ್ದು ಉದ್ದನೆಯ ಬೆರಳುಗಳ ನಡುವೆ ಹರಡಿದ ತೆಳು ಚರ್ಮ, ಮೈಮೇಲೆ ಇಲಿಯಂಥ ಕೂದಲು. ಪೆಂಗ್ವಿನ್, ಉಷ್ಟ್ರಪಕ್ಷಿ ಹಾರುವುದಿಲ್ಲ, ಆದರೆ ಮೈತುಂಬ ಪುಕ್ಕ. ಇಂದು ಜೀವಿಸಿರುವ ಪ್ರಾಣಿಗಳಲ್ಲಿ ಪುಕ್ಕ ಇರುವುದು ಹಕ್ಕಿಗಳಿಗೆ ಮಾತ್ರ.

(ಪುಕ್ಕ ಮುಟ್ಟಿದ ಎಲ್ಲರೂ ಕೈ ತೊಳೆದು ಬರುವುದು. 4 ನಿಮಿಷ ಹೋಗುತ್ತದೆ, ಹೋಗಲಿ.)

*ಕೊನೆಯ ನಿಮಿಷಗಳು: ಬೋರ್ಡಿನ ಮೇಲೆ*

ಹೀಗೆ ಬರೆದು, ಮಕ್ಕಳೂ ಬರೆದುಕೊಳ್ಳುವುದು:

1. ಮೈಮೇಲೆ ಪುಕ್ಕ ಇದೆಯಾ? ಇದ್ದರೆ ಪಕ್ಷಿ.
2. ತಾಯಿ ಮರಿಗೆ ತನ್ನ ಹಾಲು ಕುಡಿಸುತ್ತಾ? ಹೌದಾದರೆ ಸಸ್ತನಿ.
3. ದೊಡ್ಡದಾದ ಮೇಲೂ ಕಿವಿರಿನಿಂದ ಉಸಿರಾಡುತ್ತಾ, ಈಜುರೆಕ್ಕೆ ಇದೆಯಾ? ಇದ್ದರೆ ಮೀನು.
4. ಒಣಗಿದ ಹುರುಪೆ ಮೈಯಾ, ಶ್ವಾಸಕೋಶದಿಂದ ಉಸಿರಾಡುತ್ತಾ? ಹಾಗಿದ್ದರೆ ಸರೀಸೃಪ.

ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಬೇಕು. ಹುರುಪೆಯಿಂದ ಶುರು ಮಾಡಿದರೆ ಚಿಪ್ಪುಹಂದಿ ಎಡವಿಸುತ್ತದೆ. “ಮೊಟ್ಟೆಯಾ, ಮರಿಯಾ” ಎಂಬ ಪ್ರಶ್ನೆಯನ್ನು ನಾನು ಬೇಕೆಂದೇ ಪಟ್ಟಿಯಿಂದ ಬಿಟ್ಟಿದ್ದೇನೆ. ಮಕ್ಕಳಿಗೆ ಅದು ಸುಲಭವೆನಿಸುತ್ತದೆ, ಆದರೆ ಕೈಕೊಡುತ್ತದೆ. ಕೊಳಕುಮಂಡಲ ಹಾವು ಮರಿ ಹಾಕುತ್ತದೆ, ಹಲವು ಶಾರ್ಕುಗಳೂ ಅಷ್ಟೆ. ಪ್ಲಾಟಿಪಸ್ ಮೊಟ್ಟೆಯಿಟ್ಟು, ಹೊರಬಂದ ಮರಿಗೆ ಹಾಲು ಕೊಡುತ್ತದೆ.

ಎರಡನೇ ಪಿರಿಯಡ್

*ಹಾವಿನ ಮೈ, ಮೀನಿನ ಮೈ (12 ನಿಮಿಷ)*

ಸರೀಸೃಪ ಎಂಬ ಪದವೇ ಮಕ್ಕಳ ನಾಲಿಗೆಗೆ ಗಟ್ಟಿ. ಸರಿಸರಿ ಸರಿಯುವುದು ಎಂದು ಕೈಯಲ್ಲಿ ತೋರಿಸಿ, ಮೂರು ಸಲ ಹೇಳಿಸಿ, ಮುಂದೆ ಹೋಗುವುದು. ಕಾಲಿರುವ ಮೊಸಳೆ, ಆಮೆಗಳೂ ಇದೇ ಗುಂಪು ಎಂದು ಕೂಡಲೇ ಸೇರಿಸಬೇಕು.

ಹಾವಿನ ಮೈ ಲೋಳೆ ಎಂದು ಮುಕ್ಕಾಲು ತರಗತಿ ಹೇಳುತ್ತದೆ. ಅಲ್ಲ, ಒಣಗಿರುತ್ತದೆ. ಹೊಳೆಯುವುದರಿಂದ ಒದ್ದೆ ಎನಿಸುತ್ತದೆ ಅಷ್ಟೆ. ಹಾವಿನ ಹುರುಪೆ ನಮ್ಮ ಉಗುರು, ಕೂದಲಿನ ಜಾತಿಯ ವಸ್ತು, ಹೊರಚರ್ಮದ್ದೇ ಭಾಗ. ಅದಕ್ಕೇ ಪೊರೆ ಬಿಡುವಾಗ ಹುರುಪೆಯ ಅಚ್ಚೂ ಪೊರೆಯ ಜೊತೆ ಬರುತ್ತದೆ. ಮೀನಿನ ಹುರುಪೆ ಚರ್ಮದೊಳಗೆ ಬೇರೂರಿದ ಬಿಡಿಬಿಡಿ ಬಿಲ್ಲೆ, ಒಂದೊಂದಾಗಿ ಕಿತ್ತು ಬರುತ್ತದೆ. ಮೇಲೆ ಲೋಳೆ ಇರುವುದು ಮೀನಿಗೇ.

ಆಮೆಯ ಬಗ್ಗೆ ಒಂದು ಮಾತು. ಅದು ಚಿಪ್ಪಿನಿಂದ ಹೊರಬಂದು ಓಡಾಡುತ್ತದೆ ಎಂದು ಮಕ್ಕಳು ನಂಬಿರುತ್ತಾರೆ. ಚಿಪ್ಪು ಅದರ ಮನೆಯಲ್ಲ, ಮೈಯೇ. ಪಕ್ಕೆಲುಬು, ಬೆನ್ನುಮೂಳೆ ಎರಡೂ ಚಿಪ್ಪಿಗೆ ಬೆಸೆದುಕೊಂಡಿವೆ.

“ತಣ್ಣನೆಯ ರಕ್ತದ ಪ್ರಾಣಿ” ಎಂಬ ಮಾತನ್ನು ಈ ತರಗತಿಯಲ್ಲಿ ಬಳಸುವುದಿಲ್ಲ. ಬಿಸಿಲಲ್ಲಿ ಕೂತ ಉಡದ ರಕ್ತ ತಣ್ಣಗಿರುವುದಿಲ್ಲ. ಬದಲಿಗೆ: “ಹಕ್ಕಿ, ಹಸು, ನಾವು ತಿಂದ ಊಟದಿಂದಲೇ ಮೈ ಬೆಚ್ಚಗೆ ಇಟ್ಟುಕೊಳ್ತೀವಿ. ಹಲ್ಲಿ, ಮೊಸಳೆ ಬಿಸಿಲು ಕಾಯಿಸ್ಕೊಳ್ತವೆ.”

*ಪೆಟ್ಟಿಗೆ ಆಟ (18 ನಿಮಿಷ)*

ನಾಲ್ಕು ಪೆಟ್ಟಿಗೆಗಳಿಗೆ ಹೆಸರು ಅಂಟಿಸಿ ನಾಲ್ಕು ಮೂಲೆಗಿಡುವುದು. ಮಂಗಳವಾರದ ಕಾರ್ಡನ್ನೇ ಅದೇ ಮಗುವಿಗೆ ಕೊಡುವುದು. ಒಬ್ಬೊಬ್ಬರೇ ಮುಂದೆ ಬಂದು ಕಾರ್ಡು ತೋರಿಸಿದಾಗ, ಉಳಿದವರು ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳುತ್ತಾರೆ. “ಹೌದು” ಬಂದಲ್ಲಿ ನಿಲ್ಲಿಸಿ ಕಾರ್ಡನ್ನು ಪೆಟ್ಟಿಗೆಗೆ ಹಾಕುವುದು. ಹಸು, ಕಾಗೆಗಳಿಗೆ ಅರ್ಧ ನಿಮಿಷ ಸಾಕು. ಈ ಕೆಳಗಿನವುಗಳಲ್ಲಿ ನಿಲ್ಲುವುದು:

ಚಿಪ್ಪುಹಂದಿ: ಮೈಮೇಲೆ ಹುರುಪೆ, ಆದರೆ ಮರಿಗೆ ಹಾಲು. ಹುರುಪೆ ಇರುವ ಸಸ್ತನಿ ಇದೊಂದೇ ಬಗೆ. ಹೊಟ್ಟೆಯ ಕಡೆ ಕೂದಲೂ ಇದೆ.

ಕಡಲಕುದುರೆ: ಹೆಸರು ಕುದುರೆ, ಮುಖವೂ ಕುದುರೆ, ಉಸಿರು ಕಿವಿರಿನಿಂದ. ಮೀನು. ಮೊಟ್ಟೆಗಳನ್ನು ಹೊಟ್ಟೆಯ ಚೀಲದಲ್ಲಿ ಹೊತ್ತುಕೊಳ್ಳುವುದು ಅಪ್ಪ. ಇದನ್ನು ಹೇಳದೆ ಬಿಡಬೇಡಿ, ತರಗತಿ ಹುಚ್ಚೆದ್ದು ಖುಷಿಪಡುತ್ತದೆ.

ಹಾವುಮೀನು: ಹಾವಿನ ಆಕಾರ, ಮೀನಿನ ಕಿವಿರು. ಹೆಸರಿನ ಕೊನೆಯ ಅರ್ಧ ಇಲ್ಲಿ ನಿಜ ಹೇಳಿದೆ. ನಕ್ಷತ್ರಮೀನಿನಲ್ಲಿ ಅದೂ ಸುಳ್ಳು, ಅದಕ್ಕೆ ಬೆನ್ನುಮೂಳೆಯೇ ಇಲ್ಲ.

ಪೆಟ್ಟಿಗೆ ತುಂಬಿದ ಮೇಲೆ ಕಪ್ಪೆಯ ಕಾರ್ಡು. ಪುಕ್ಕ? ಇಲ್ಲ. ಹಾಲು? ಇಲ್ಲ. ಗೊದಮೊಟ್ಟೆಯಾಗಿದ್ದಾಗ ಕಿವಿರಿತ್ತು, ಬೆಳೆದ ಕಪ್ಪೆಗಿಲ್ಲ. ಹುರುಪೆ? ಇಲ್ಲ, ಒದ್ದೆ ಚರ್ಮ. ಯಾವ ಪೆಟ್ಟಿಗೆಗೂ ಹೋಗುವುದಿಲ್ಲ. ಅದನ್ನು ಮೇಜಿನ ಮೇಲೆಯೇ ಬಿಟ್ಟು, “ಇವರದ್ದು ಐದನೇ ಗುಂಪು, ಉಭಯವಾಸಿ. ಮುಂದಿನ ವಾರ ಬರ್ತಾರೆ” ಎನ್ನುವುದು.

ಲಕೋಟೆಯನ್ನು ತರಗತಿಯ ಅತ್ಯಂತ ಮೌನಿ ಮಗುವಿನ ಕೈಗೆ ಕೊಡುವುದು. “ಒಳಗಿರೋ ಪ್ರಾಣಿ ಯಾವ ಪೆಟ್ಟಿಗೆಗೆ ಹೋಗುತ್ತೆ ಹೇಳು.” ಕನ್ನಡಿ ನೋಡಿದ ಮಗುವಿಗೆ ಉಳಿದವರು ನಾಲ್ಕು ಪ್ರಶ್ನೆ ಕೇಳಲಿ. “ನಾವು ಪ್ರಾಣಿ ಅಲ್ಲ ಟೀಚರ್” ಎಂಬ ಆಕ್ಷೇಪ ಬಂದೇ ಬರುತ್ತದೆ. ಆಗ ಮರುಪ್ರಶ್ನೆ: “ಮತ್ತೆ ಗಿಡವಾ?”

*ಮೌಲ್ಯಮಾಪನ (10 ನಿಮಿಷ)*

ಕಾರ್ಡಿನಲ್ಲಿಲ್ಲದ ಮೂರು ಪ್ರಾಣಿಗಳನ್ನು ಬೋರ್ಡಿನಲ್ಲಿ ಬರೆಯುವುದು: ಡಾಲ್ಫಿನ್, ನವಿಲು, ಹೆಬ್ಬಾವು. ಪ್ರತಿಯೊಂದರ ಮುಂದೆ ಗುಂಪು ಮತ್ತು “ಯಾಕೆಂದರೆ” ಎಂದು ಒಂದು ಸಾಲು. ಗುಂಪಿಗೆ 1 ಅಂಕ, ಕಾರಣಕ್ಕೆ 2. “ಡಾಲ್ಫಿನ್ ಸಸ್ತನಿ, ಯಾಕೆಂದರೆ ಟೀಚರ್ ಹೇಳಿದರು” ಎಂದರೆ ಒಂದೇ ಅಂಕ. “ಡಾಲ್ಫಿನ್ ಮೀನು, ಯಾಕೆಂದರೆ ಅದಕ್ಕೆ ಕಿವಿರಿದೆ” ಎಂದು ಬರೆದ ಮಗುವಿಗೂ ನಾನು ಒಂದು ಅಂಕ ಕೊಡುತ್ತೇನೆ. ಮಾಹಿತಿ ತಪ್ಪು, ಕೇಳಿದ ಪ್ರಶ್ನೆ ಸರಿ. ಬರೆಯಲು ಕಷ್ಟಪಡುವ ಮಕ್ಕಳನ್ನು ಹತ್ತಿರ ಕರೆದು ಬಾಯಲ್ಲೇ ಕೇಳುವುದು.

ಮನೆಗೆಲಸ

ಮನೆಯ ಸುತ್ತ ಕಾಣುವ ಬೆನ್ನುಮೂಳೆಯ ಮೂರು ಪ್ರಾಣಿಗಳನ್ನು ದೂರದಿಂದ ನೋಡಿ, ಮೈಮೇಲೆ ಏನಿದೆಯೆಂದು ಬರೆದು ತರುವುದು. ಹಿಡಿಯಬಾರದು, ಗೂಡು ಮುಟ್ಟಬಾರದು. ಇರುವೆ, ಜೇಡ ಬರೆದು ತಂದವರಿಗೆ ಬೈಯುವುದು ಬೇಡ. ಅವುಗಳಿಗೆ ಬೆನ್ನುಮೂಳೆ ಇದೆಯಾ ಎಂದು ಸೋಮವಾರ ಕೇಳಿದರಾಯಿತು.