ವಿದ್ಯುನ್ಮಾನ ಆರೋಗ್ಯ ದಾಖಲೆ: ವಿನ್ಯಾಸ, ಗೌಪ್ಯತೆ ಮತ್ತು ನಾವು ಬರೆಯುವ ಟಿಪ್ಪಣಿ

ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಅಸೈನ್‌ಮೆಂಟ್, ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್, ಶಿವಮೊಗ್ಗ

ಪ್ರಶ್ನೆ: ವಿದ್ಯುನ್ಮಾನ ಆರೋಗ್ಯ ದಾಖಲೆಯ ವಿನ್ಯಾಸ ಮತ್ತು ದತ್ತಾಂಶದ ಗೌಪ್ಯತೆ ನರ್ಸಿಂಗ್ ದಾಖಲೀಕರಣದ ಗುಣಮಟ್ಟವನ್ನು ಹೇಗೆ ರೂಪಿಸುತ್ತವೆ? ನಿಮ್ಮ ಕೆಲಸದ ಅನುಭವದಿಂದ ಉದಾಹರಣೆ ಕೊಟ್ಟು ಚರ್ಚಿಸಿ.

ಈ ಕೋರ್ಸಿಗೆ ಸೇರುವ ಮೊದಲು ನಾನು ಮಲೆನಾಡಿನ ಒಂದು ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ಗೌಪ್ಯತೆ ಕಾನೂನಿನವರ ವಿಷಯ, ದಾಖಲೀಕರಣ ನಮ್ಮ ವಿಷಯ ಎಂದೇ ಆಗ ತಿಳಿದಿದ್ದೆ. ಆ ಎಣಿಕೆ ತಪ್ಪೆಂದು ಒಬ್ಬ ರೋಗಿಯಿಂದ ಗೊತ್ತಾಯಿತು. ಹಾಗಾಗಿ ಉತ್ತರವನ್ನು ಅವರಿಂದಲೇ ಶುರು ಮಾಡುತ್ತೇನೆ.

ಫೆಬ್ರುವರಿ ತಿಂಗಳು. ನಲವತ್ತರ ಆಸುಪಾಸಿನ ಹೆಂಗಸು, ವಿಪರೀತ ಜ್ವರ, ತಲೆನೋವು, ಮೈಕೈ ನೋವು. ನಮ್ಮ ಕಡೆ ಡಿಸೆಂಬರಿನಿಂದ ಮೇ ತನಕ ಇಂಥ ಜ್ವರ ಬಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಬರುವ ಕಾಯಿಲೆ ಅದು. ನೋಂದಣಿ ಪರದೆಯಲ್ಲಿ ‘ಇತ್ತೀಚೆಗೆ ಕಾಡಿಗೆ ಹೋಗಿದ್ದರೇ’ ಎಂಬ ಪ್ರಶ್ನೆಯ ಮುಂದೆ ‘ಇಲ್ಲ’ ಎಂದಿತ್ತು. ‘ಜ್ವರ: 3 ದಿನದಿಂದ’ ಎಂದೂ ಇತ್ತು.

ಎರಡೂ ತಪ್ಪು. ಎರಡಕ್ಕೂ ಕಾರಣ ಬೇರೆ ಬೇರೆ.

ದಿನದ ಲೆಕ್ಕದ ತಪ್ಪು ವಿನ್ಯಾಸದ್ದು. ಆ ಖಾನೆಯಲ್ಲಿ ತಾರೀಖು ಹಾಕುವ ಜಾಗವೇ ಇರಲಿಲ್ಲ, ‘ಎಷ್ಟು ದಿನದಿಂದ’ ಎಂದು ಅಂಕಿ ಮಾತ್ರ ಬರೆಯಬೇಕು. ಮಾರನೇ ದಿನ ಟಿಪ್ಪಣಿ ಬರೆಯುವಾಗ ಹಿಂದಿನ ಟಿಪ್ಪಣಿಯನ್ನು ಎಳೆದು ತರುವ ಗುಂಡಿಯೊಂದಿತ್ತು. ಕೆಲಸ ಉಳಿಯುತ್ತದೆಂದು ನಾವೆಲ್ಲ ಅದನ್ನೇ ಒತ್ತುತ್ತಿದ್ದೆವು. ಹೀಗಾಗಿ ದಾಖಲಾದ ದಿನವೂ ‘3 ದಿನದಿಂದ’, ಮಾರನೇ ದಿನವೂ ‘3 ದಿನದಿಂದ’, ಅದರ ಮಾರನೇ ದಿನವೂ ಅದೇ. ಮಂಗನ ಕಾಯಿಲೆಯಲ್ಲಿ ಇದು ಸಣ್ಣ ತಪ್ಪಲ್ಲ. ಜ್ವರದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್‌ನಲ್ಲಿ ವೈರಾಣು ಸಿಗುತ್ತದೆ, ದಿನ ಕಳೆದ ಮೇಲೆ ಐಜಿಎಂ ಎಲೈಸಾ ಬೇಕಾಗುತ್ತದೆ. ಜ್ವರದ ಎಷ್ಟನೇ ದಿನ ಎಂದು ಗೊತ್ತಿಲ್ಲದಿದ್ದರೆ ಬಂದ ‘ನೆಗೆಟಿವ್’ ಫಲಿತಾಂಶವನ್ನು ನಂಬುವುದೋ ಬಿಡುವುದೋ ತಿಳಿಯದು. ಮೊದಲ ಜ್ವರ ಇಳಿದು ಒಂದೆರಡು ವಾರ ಕಳೆದ ಮೇಲೆ ಕೆಲವರಿಗೆ ಮತ್ತೆ ಜ್ವರ ಬರುತ್ತದೆ, ಆಗ ನರಮಂಡಲದ ಲಕ್ಷಣಗಳೂ ಕಾಣಿಸಿಕೊಳ್ಳಬಹುದು. ಶುರುವಾದ ತಾರೀಖು ದಾಖಲೆಯಲ್ಲಿದ್ದರೆ ಮಾತ್ರ ಈ ಎರಡನೇ ಜ್ವರವನ್ನು ಗುರುತಿಸಲು ಸಾಧ್ಯ.

ರಾತ್ರಿ ಪಾಳಿಯಲ್ಲಿ ನಾನೇ ಅವರನ್ನು ಕೇಳಿದೆ. ‘ಸಂತೆಗೆ ಹೋದ ದಿನ ಸಂಜೆಗೇ ಮೈಯೆಲ್ಲ ಹಿಡಿದಂಗಾಯ್ತು ಸಿಸ್ಟರ್’ ಎಂದರು. ಅವರೂರ ಸಂತೆ ಯಾವ ವಾರ ಎಂದು ಕೇಳಿ ಕ್ಯಾಲೆಂಡರ್ ನೋಡಿದೆ. ಅಂದಿಗೆ ಆರನೇ ದಿನ. ನಮ್ಮ ಜನ ತಾರೀಖು ಹೇಳುವುದಿಲ್ಲ, ಸಂತೆ, ಹಬ್ಬ, ಅಮಾವಾಸ್ಯೆ ಹೇಳುತ್ತಾರೆ. ಅದನ್ನು ತಾರೀಖಿಗೆ ತಂದು ಬರೆಯುವ ಕೆಲಸ ನರ್ಸಿನದು, ಬರೆಯಲು ಜಾಗ ಕೊಡುವ ಕೆಲಸ ತಂತ್ರಾಂಶದ್ದು.

ಇನ್ನು ಆ ‘ಇಲ್ಲ’. ವಾರ್ಡಿನಲ್ಲಿ ದೀಪ ಆರಿಸಿದ ಮೇಲೆ ಅವರು ತಗ್ಗಿದ ದನಿಯಲ್ಲಿ ಕೇಳಿದರು: ‘ಅಲ್ಲಿ ಬರ್ಕಂಡಿದ್ದು ಫಾರೆಸ್ಟಿನವರಿಗೆ ಹೋಗ್ತದಾ?’ ಕೊಟ್ಟಿಗೆಗೆ ದರಗು ತರಲು, ಒಲೆಗೆ ಪುಳ್ಳೆ ತರಲು ದಿನವೂ ಕಾಡಿಗೆ ಹೋಗುತ್ತಿದ್ದರಂತೆ. ನೋಂದಣಿ ಕೌಂಟರಿನಲ್ಲಿ ಪರದೆ ಸರತಿಯಲ್ಲಿ ನಿಂತವರ ಕಡೆಗೇ ತಿರುಗಿತ್ತು. ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ್ದರು, ಹಿಂದೆ ಊರಿನವರೇ ನಿಂತಿದ್ದರು. ಅವರು ‘ಇಲ್ಲ’ ಎಂದರು, ಗುಮಾಸ್ತರು ‘ಇಲ್ಲ’ ಒತ್ತಿದರು. ಗುಮಾಸ್ತರ ತಪ್ಪು ಏನೂ ಇಲ್ಲ. ಹೇಳಿದ್ದನ್ನು ಇದ್ದ ಹಾಗೆ ಬರೆದುಕೊಂಡ ದಾಖಲೆಯೇ ಅದು, ಆದರೂ ಸುಳ್ಳು ದಾಖಲೆ.

ನನ್ನ ವಾದ ಇಷ್ಟು: ಗೌಪ್ಯತೆ ಇಲ್ಲದ ಕಡೆ ನಿಖರತೆಯೂ ಇರುವುದಿಲ್ಲ. ಪಠ್ಯದಲ್ಲಿ ದಾಖಲೀಕರಣದ ಗುಣಮಟ್ಟವೆಂದರೆ ಪೂರ್ಣತೆ, ನಿಖರತೆ, ಸಕಾಲಿಕತೆ ಎಂದು ಓದುತ್ತೇವೆ. ಈ ಮೂರೂ ಕೆಡುವುದು ಬೆರಳಚ್ಚಿನ ಹಂತದಲ್ಲಿ ಎಂದುಕೊಳ್ಳುತ್ತೇವೆ. ನಾನು ಕಂಡಂತೆ ಬಹಳ ಸಲ ಅದಕ್ಕೂ ಮೊದಲೇ, ರೋಗಿಯ ಬಾಯಲ್ಲೇ ಕೆಟ್ಟಿರುತ್ತವೆ. ಎಚ್ಐವಿ, ಗರ್ಭಪಾತ, ಕುಡಿತ, ಮನೆಯೊಳಗಿನ ಹೊಡೆತ ಇಂಥವುಗಳಲ್ಲಿ ಇನ್ನೂ ಹೆಚ್ಚು. ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವವರೂ ಊರಿನವರೇ, ಯಾರದೋ ಅತ್ತಿಗೆ, ಯಾರದೋ ಓರಗಿತ್ತಿ. ಪಾಸ್‌ವರ್ಡ್ ಇದೆ ಎಂದ ಮಾತ್ರಕ್ಕೆ ರೋಗಿಗೆ ಧೈರ್ಯ ಬರುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2017ರ ಎಚ್ಐವಿ ಕಾಯ್ದೆ ಮತ್ತು ಅದೇ ವರ್ಷದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗುಟ್ಟು ಕಾಯುವ ಹೊಣೆಯನ್ನು ನೇರವಾಗಿ ಹೊರಿಸುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ದತ್ತಾಂಶ ಕಾಪಾಡಲು ತಕ್ಕ ಭದ್ರತೆ ಇಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ನರ್ಸುಗಳು ಗಮನಿಸಬೇಕಾದ ಅಂಶ ದಂಡಕ್ಕಿಂತ ಬೇರೆಯದು: ಒಪ್ಪಿಗೆ ಕೇಳುವ ಮಾಹಿತಿಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು. ಅಂದರೆ ಕನ್ನಡದಲ್ಲಿ. ಡಿಜಿಟಲ್ ಆರೋಗ್ಯ ಖಾತೆಯ ಗುರುತಾದ ಆಭಾ ಸಂಖ್ಯೆಯ ಹದಿನಾಲ್ಕು ಅಂಕಿ ಕೇಳುವಾಗ ‘ಇಲ್ಲಿ ಹೆಬ್ಬೆಟ್ಟು ಇಡಿ’ ಎಂದಷ್ಟೇ ಹೇಳಿ ಮುಗಿಸುವುದು ಒಪ್ಪಿಗೆ ಪಡೆದಂತೆ ಆಗುವುದಿಲ್ಲ.

ಆದರೆ ಗೌಪ್ಯತೆಯ ಹೆಸರಲ್ಲಿ ಮಾಡಿದ ವಿನ್ಯಾಸವೂ ದಾಖಲೆ ಕೆಡಿಸಬಲ್ಲದು, ಇದನ್ನೂ ಹೇಳಲೇಬೇಕು. ನಮ್ಮ ವಾರ್ಡಿನ ಕಂಪ್ಯೂಟರ್ ಐದು ನಿಮಿಷ ಮುಟ್ಟದಿದ್ದರೆ ಲಾಗೌಟ್ ಆಗುತ್ತಿತ್ತು. ಇಪ್ಪತ್ತೆಂಟು ಹಾಸಿಗೆ, ರಾತ್ರಿ ಇಬ್ಬರೇ ನರ್ಸುಗಳು, ಒಂದೇ ಕಂಪ್ಯೂಟರ್. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಪಾಳಿ ಶುರುವಿನಲ್ಲಿ ಒಬ್ಬರು ಲಾಗಿನ್ ಆದರೆ ಬೆಳಗಿನವರೆಗೂ ಎಲ್ಲರೂ ಅವರ ಹೆಸರು, ಪಾಸ್‌ವರ್ಡನ್ನೇ ಮತ್ತೆ ಮತ್ತೆ ಹಾಕಿ ಬರೆಯುತ್ತಿದ್ದೆವು. ಎರಡು ಗಂಟೆಗೆ ನೋಡಿದ ಬಿ.ಪಿ.ಯನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಆರೂವರೆಗೆ ತುಂಬಿದ್ದೇನೆ. ದಾಖಲೆಯಲ್ಲಿ ಇಪ್ಪತ್ತೆಂಟು ರೋಗಿಗಳ ಬಿ.ಪಿ.ಯೂ ಆರೂವರೆಯದು, ನೋಡಿದವರೆಲ್ಲ ಒಬ್ಬರೇ. ಯಾರು, ಯಾವಾಗ, ಏನು ಬರೆದರು ಎಂಬ ಆಡಿಟ್ ಟ್ರೇಲ್ ಇದ್ದೂ ವ್ಯರ್ಥ. ಇದು ನನ್ನ ತಪ್ಪು. ಹಾಗೆ ಮಾಡದಿದ್ದರೆ ಪಾಳಿ ಸಾಗದಂತೆ ಕಟ್ಟಿದವರ ಪಾಲೂ ಅದರಲ್ಲಿದೆ.

ಹಾಗಾದರೆ ಪರದೆ ಹೇಗಿರಬೇಕು? ಜ್ವರಕ್ಕೆ ಶುರುವಾದ ತಾರೀಖಿನ ಖಾನೆ ಬೇಕು, ದಿನದ ಲೆಕ್ಕವನ್ನು ಯಂತ್ರವೇ ಮಾಡಲಿ. ಅಳೆದ ಸಮಯ, ದಾಖಲಿಸಿದ ಸಮಯ ಎರಡೂ ಬೇರೆಬೇರೆಯಾಗಿ ಉಳಿಯಲಿ. ಎಳೆದು ತಂದ ಟಿಪ್ಪಣಿ ಬೇರೆ ಬಣ್ಣದಲ್ಲಿ ಕಾಣಲಿ, ನರ್ಸ್ ಓದಿ ಒಪ್ಪುವವರೆಗೂ ಸಹಿ ಬೀಳದಿರಲಿ. ರೋಗದ ಪಟ್ಟಿಯಲ್ಲಿ A98.2, ಅಂದರೆ ಮಂಗನ ಕಾಯಿಲೆಯ ಐಸಿಡಿ-10 ಸಂಕೇತ, ನಮ್ಮ ಜಿಲ್ಲೆಯಲ್ಲಾದರೂ ಮೊದಲ ಸಾಲಿನಲ್ಲೇ ಸಿಗಲಿ. ಹುಡುಕಿ ಸಿಗದಿದ್ದರೆ ಎಲ್ಲರೂ R50.9 ಎಂದು, ಕಾರಣ ತಿಳಿಯದ ಜ್ವರವೆಂದು ಹಾಕಿ ಮುಂದೆ ಹೋಗುತ್ತಾರೆ. ಲಾಗಿನ್‌ಗೆ ಪಾಸ್‌ವರ್ಡಿನ ಬದಲು ಕಾರ್ಡು ತಟ್ಟುವಂತಿದ್ದರೆ ಇನ್ನೊಬ್ಬರ ಹೆಸರಲ್ಲಿ ಬರೆಯುವ ಅಗತ್ಯ ಬೀಳುವುದಿಲ್ಲ. ಕರೆಂಟು ಹೋದಾಗ ಬಳಸಲು ಅದೇ ಖಾನೆಗಳಿರುವ ಕಾಗದದ ನಮೂನೆ ವಾರ್ಡಿನಲ್ಲಿರಬೇಕು.

ಹುದ್ದೆಗೆ ತಕ್ಕ ಪ್ರವೇಶ ಎಂಬ ತತ್ವವನ್ನು ಇಲ್ಲಿ ಹೀಗೆ ಅನ್ವಯಿಸಬಹುದು: ನೋಂದಣಿ ಕೌಂಟರಿನ ಪರದೆಯಲ್ಲಿ ಹೆಸರು, ವಯಸ್ಸು, ಊರು, ಯಾವ ವಿಭಾಗ ಇಷ್ಟೇ ಇರಲಿ. ಕಾಡಿಗೆ ಹೋಗಿದ್ದಿರಾ ಎಂಬ ಪ್ರಶ್ನೆ ನರ್ಸಿನ ಪರದೆಗೆ ಬರಲಿ, ಹಾಸಿಗೆಯ ಪಕ್ಕದಲ್ಲಿ, ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಅದು. ಉತ್ತರದ ಖಾನೆಯಲ್ಲಿ ‘ಹೌದು’, ‘ಇಲ್ಲ’ ಜೊತೆಗೆ ‘ಇನ್ನೂ ಕೇಳಿಲ್ಲ’ ಎಂಬುದೂ ಇರಬೇಕು. ಕೇಳದೇ ಇದ್ದುದು ‘ಇಲ್ಲ’ ಆಗಬಾರದು.

ಆ ರಾತ್ರಿ ನಾನು ಅವರಿಗೆ, ‘ಇದು ಡಾಕ್ಟ್ರಿಗೆ, ಕಾಯಿಲೆ ನೋಡೋರಿಗೆ ಮಾತ್ರ ಅಮ್ಮ, ಫಾರೆಸ್ಟಿನವರಿಗೆ ಅಲ್ಲ’ ಎಂದು ಹೇಳಿ ‘ಇಲ್ಲ’ ತೆಗೆದು ‘ಹೌದು’ ಮಾಡಿದೆ. ಡ್ಯೂಟಿ ಡಾಕ್ಟರಿಗೆ ಫೋನು ಮಾಡಿದೆ, ಬೆಳಿಗ್ಗೆ ರಕ್ತದ ಮಾದರಿಯ ಜೊತೆ ಜ್ವರ ಶುರುವಾದ ಸರಿಯಾದ ತಾರೀಖೂ ಹೋಯಿತು. ಹಳೆಯ ‘ಇಲ್ಲ’ ಮಾತ್ರ ಆ ತಂತ್ರಾಂಶದಲ್ಲಿ ಅಳಿಸಿಯೇ ಹೋಯಿತು. ಅದು ಉಳಿಯಬೇಕಿತ್ತು, ಯಾರು, ಯಾವಾಗ, ಏಕೆ ತಿದ್ದಿದರು ಎಂಬುದರ ಜೊತೆಗೆ.