ವಿಷಯ: ಬ್ಯಾನರ್ ಮಸುಕಾಗಿದೆ, ಮೂಲ ಫೈಲ್ ಬೇಕು

ಶಿರಸಿ
28 ಜನವರಿ 2026

ವಿನಯ್ ಅವರಿಗೆ,

ನಮಸ್ಕಾರ. ಮನೆಯಲ್ಲಿ ಎಲ್ಲರೂ ಆರಾಮವಾಗಿದ್ದೀರಿ ಅಂದುಕೊಳ್ಳುತ್ತೇನೆ. ಫೋನಿನಲ್ಲಿ ಹೇಳೋಣ ಅಂತಿದ್ದೆ. ಆದರೆ ಇಂಚು, ಅಳತೆ ಎಲ್ಲ ಇರುವುದರಿಂದ ಬರೆದೇ ಕಳಿಸುತ್ತಿದ್ದೇನೆ.

ನವೆಂಬರ್‌ನಲ್ಲಿ ನೀವು ಮಾಡಿಕೊಟ್ಟ ಬ್ಯಾನರ್ ಡಿಸೈನ್ ನಮಗೆಲ್ಲ ತುಂಬಾ ಇಷ್ಟವಾಗಿತ್ತು. ಈಗಲೂ ಇಷ್ಟವೇ. ತಕರಾರು ಇರುವುದು ಅಂಗಡಿ ಎದುರಿಗೆ ಕಟ್ಟಿರುವ ಬ್ಯಾನರ್ ಬಗ್ಗೆ. ಫೋನಿನಲ್ಲಿ ಅಷ್ಟು ಚೆಂದ ಕಂಡದ್ದು ಹತ್ತು ಅಡಿ ಉದ್ದಕ್ಕೆ ಹೋದಾಗ ಮಂಜು ಮುಸುಕಿದ ಹಾಗಾಗಿದೆ. ನೀವು ಬಿಡಿಸಿದ ಮಾವಿನ ಮಿಡಿ ಗೊಂಚಲು ನೋಡಿ ಒಬ್ಬರು, "ಇದೇನಕ್ಕಾ, ತೊಂಡೆಕಾಯಿ ಉಪ್ಪಿನಕಾಯಿನೂ ಶುರು ಮಾಡಿದ್ರಾ?" ಅಂತ ಕೇಳಿದರು. ನಗು ಬಂತು, ಆಮೇಲೆ ಸಂಕಟವೂ ಆಯಿತು.

ಅಕ್ಷರದ ಕಥೆ ಇನ್ನೂ ಕಷ್ಟ. ದೊಡ್ಡ ಅಕ್ಷರ ಹೇಗೋ ಓದಬಹುದು, ಒತ್ತಕ್ಷರ ಮಾತ್ರ ಪೂರ್ತಿ ಕಲಸಿಹೋಗಿದೆ. ನಮ್ಮ ಗ್ರಹಚಾರ ನೋಡಿ, ಅಪ್ಪೆಮಿಡಿಗೂ ಒತ್ತು, ಉಪ್ಪಿನಕಾಯಿಗೂ ಒತ್ತು! ದೂರದಿಂದ ನೋಡಿದರೆ 'ಪ'ದ ಕೆಳಗೆ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಕೆಳಗಿನ ಮೂಲೆಯ ಕ್ಯೂಆರ್ ಕೋಡ್ ಯಾರ ಫೋನಿನಲ್ಲೂ ಸ್ಕ್ಯಾನ್ ಆಗುತ್ತಿಲ್ಲ. ಗಲ್ಲಾ ಮೇಲೆ ಬೇರೆ ಸ್ಟಿಕ್ಕರ್ ಇಟ್ಟು ಸುಧಾರಿಸುತ್ತಿದ್ದೇವೆ.

ಇದರಲ್ಲಿ ತಪ್ಪು ನನ್ನದೇ ಜಾಸ್ತಿ ಅಂತ ಈಗ ಗೊತ್ತಾಗಿದೆ. ನಾನು ನೋಡಿ ಒಪ್ಪಿಗೆ ಕೊಡಲಿ ಅಂತ ನೀವು ವಾಟ್ಸಾಪಿನಲ್ಲಿ ಕಳಿಸಿದ ಚಿತ್ರವನ್ನೇ ಪ್ರಿಂಟ್ ಮಾಡುವವರಿಗೆ ಕಳಿಸಿಬಿಟ್ಟೆ. ಅವರೂ ಏನೂ ಕೇಳದೆ ಪ್ರಿಂಟ್ ಹಾಕಿಕೊಟ್ಟರು. ಒಂದು ಮಾತು ಹೇಳಬಹುದಿತ್ತು, ಅಲ್ವಾ? ಈ ವಾರ ಬೇರೆ ಕಡೆ ಹೋಗಿ ತೋರಿಸಿದೆ. ಆ ಹುಡುಗ ಫೈಲ್ ತೆರೆದು ಲೆಕ್ಕ ಹಾಕಿಯೇ ತೋರಿಸಿದ. ನನ್ನ ಹತ್ತಿರ ಇರುವುದು IMG-20251104-WA0012.jpg, ಅಗಲ 1600 ಪಿಕ್ಸೆಲ್, ಎತ್ತರ 640. ನಮ್ಮ ಬ್ಯಾನರ್ ಹತ್ತು ಅಡಿ, ಅಂದರೆ 120 ಇಂಚು. ಒಂದು ಇಂಚಿಗೆ ಬರುವುದು ಬರೀ 13 ಚುಕ್ಕಿ. ಹತ್ತಿರದಿಂದ ಓದುವ ಬ್ಯಾನರಿಗೆ ಇಂಚಿಗೆ 100 ಆದರೂ ಇದ್ದರೆ ಒಳ್ಳೆಯದು ಅಂದ. ಅಂಗೈಯಗಲದ ರಂಗೋಲಿಯ ಚುಕ್ಕಿಗಳನ್ನೇ ಅಂಗಳಕ್ಕೆಲ್ಲ ಎಳೆದು ಹಾಕಿದ್ದೆ ಅನ್ನಿ.

ಈಗ ಅವಸರ ಯಾಕೆ ಅಂದರೆ, ಮಾರಿಕಾಂಬಾ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಈ ಸಲ ಬಿಡ್ಕಿ ಬಯಲಿನ ಹತ್ತಿರ ನಾವೂ ಒಂದು ಮಳಿಗೆ ಹಿಡಿದಿದ್ದೇವೆ. ಅಲ್ಲಿ ನಡೆದುಹೋಗುವ ಜನ ನಿಂತು ಓದುವುದಿಲ್ಲ. ಒಂದು ನೋಟಕ್ಕೆ ಏನು ಸಿಗುತ್ತದೋ ಅಷ್ಟೇ. ತೊಂಡೆಕಾಯಿ ಇಟ್ಟುಕೊಂಡು ಅಪ್ಪೆಮಿಡಿ ಮಾರುವುದು ಹೇಗೆ?

ಹಾಗಾಗಿ ನನಗೆ ಬೇಕಿರುವುದು ನೀವು ಕೆಲಸ ಮಾಡಿದ ಮೂಲ ಫೈಲ್. ಇದೇ ಜೆಪೆಗ್ ಅನ್ನು ಎಳೆದು ದೊಡ್ಡದು ಮಾಡಿ ಕಳಿಸಿದರೆ ಉಪಯೋಗವಿಲ್ಲವಂತೆ, ಇಲ್ಲದ ಚುಕ್ಕಿ ಎಲ್ಲಿಂದ ಬರಬೇಕು? ಇಲ್ಲಿನವರು ಕೋರೆಲ್‌ನಲ್ಲಿ ಕೆಲಸ ಮಾಡುತ್ತಾರೆ, ಸಿಡಿಆರ್ ಫೈಲ್ ಆದರೆ ಅನುಕೂಲ. ಆದರೆ ಅವರದು ಹಳೆಯ ಆವೃತ್ತಿ, ಹೊಸದರಲ್ಲಿ ಸೇವ್ ಮಾಡಿದ್ದು ತೆರೆಯುವುದಿಲ್ಲವಂತೆ. ದಯವಿಟ್ಟು ಕೆಳಗಿನ ಆವೃತ್ತಿಗೆ ಇಳಿಸಿ ಸೇವ್ ಮಾಡಿ. ಜೊತೆಗೆ ಒಂದು ಪಿಡಿಎಫ್ ಕೂಡ ಇರಲಿ. ಕನ್ನಡ ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ ಬದಲಾಯಿಸಿಯೇ ಕಳಿಸಬೇಕು ಅಂತ ಅವರು ಎರಡೆರಡು ಸಲ ಹೇಳಿದರು. ನೀವು ಬಳಸಿದ ಫಾಂಟ್ ಅವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ 'ಉಪ್ಪಿನಕಾಯಿ' ಇರುವಲ್ಲಿ ಏನೇನೋ ಚಿಹ್ನೆಗಳು ಬರುತ್ತವಂತೆ. ಬದಲಾಯಿಸದ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ, ಮುಂದೆ ತಿದ್ದಬೇಕಾದರೆ ಬೇಕಲ್ಲ.

ಬಲಗಡೆಯ ಭರಣಿ ಮಾತ್ರ ಫೋಟೋ. ಅದು ನೀವೇ ನಮ್ಮ ಜಗುಲಿಯ ಮೇಲೆ ನಿಮ್ಮ ಕ್ಯಾಮೆರಾದಲ್ಲಿ ತೆಗೆದದ್ದು. ಡಿಸೈನಿನ ಒಳಗೆ ಚಿಕ್ಕದು ಮಾಡಿ ಸೇರಿಸಿದ್ದರೆ, ಕ್ಯಾಮೆರಾದ ಮೂಲ ಫೋಟೋವನ್ನೇ ಬದಲು ಹಾಕಿ. ಲೋಗೋ ಬೇರೆಯಾಗಿ, ಹಿಂದೆ ಬಣ್ಣ ಇಲ್ಲದೆ, ಇನ್ನೊಂದು ಫೈಲ್ ಕೊಡಿ. ಬಾಟಲಿಯ ಲೇಬಲ್‌ಗೂ ಅದೇ ಬೇಕಾಗುತ್ತದೆ. ಪ್ರತಿ ಸಲ ನಿಮಗೆ ಕಾಟ ಕೊಡುವುದು ನನಗೂ ಸರಿ ಕಾಣುವುದಿಲ್ಲ.

ಹೊಸ ಬ್ಯಾನರಿನ ಅಳತೆ ಹಿಂದಿನದೇ, ಹತ್ತು ಅಡಿ ಉದ್ದ, ನಾಲ್ಕು ಅಡಿ ಎತ್ತರ. ಈ ಸಲ ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸುತ್ತೇನೆ. ಫ್ಲೆಕ್ಸಿಗೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ, ಜಾತ್ರೆಯಲ್ಲಿ ಯಾರಾದರೂ ಬಂದು ಬಿಚ್ಚಿಸಿದರೆ ಮರ್ಯಾದೆ ಹೋಗುತ್ತದೆ. ಬಟ್ಟೆಯಲ್ಲಿ ಬಣ್ಣ ಸ್ವಲ್ಪ ಮಂಕಾಗಿ ಬರುತ್ತದಂತೆ. ಹೋದ ಸಲವೂ ನಿಮ್ಮ ಮೆಣಸಿನ ಕೆಂಪು ಪ್ರಿಂಟಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಸಿಎಂವೈಕೆಯಲ್ಲಿ ಸರಿಮಾಡಿ ಕಳಿಸಿದರೆ ಒಳ್ಳೆಯದು ಅನ್ನುತ್ತಾರೆ. ಅದು ನಿಮಗೇ ಗೊತ್ತಿರುವ ವಿಷಯ, ಅವರು ಹೇಳಿದ್ದನ್ನು ನಾನು ಹಾಗೇ ದಾಟಿಸುತ್ತಿದ್ದೇನೆ.

ಇನ್ನೊಂದು. ಸುತ್ತಲೂ ಮೂರು ಇಂಚು ಖಾಲಿ ಬಿಡಿ. ಈಗಿನ ಬ್ಯಾನರಿನಲ್ಲಿ ಹಗ್ಗ ಕಟ್ಟುವ ರಿಂಗ್ ಸರಿಯಾಗಿ ನಮ್ಮ ಫೋನ್ ನಂಬರಿನ ಕೊನೆಯ ಅಂಕಿಯ ಮೇಲೇ ಕೂತಿದೆ. ಮೂರು ತಿಂಗಳು ಒಂಬತ್ತೇ ಅಂಕಿಯ ನಂಬರ್ ಮಾರಾಯ್ರೆ!

ಡಿಸೈನಿನಲ್ಲಿ ಬೇರೆ ಬದಲಾವಣೆ ಇಲ್ಲ, ಕೆಳಗಿನ ಸಾಲಿನಲ್ಲಿ ನಿಂಬೆ ಉಪ್ಪಿನಕಾಯಿ ಆದ ಮೇಲೆ 'ಮುರುಗಲು ಶರಬತ್ತು' ಸೇರಿಸಬೇಕು. ಜಾತ್ರೆಯ ಬಿಸಿಲಿಗೆ ಅದು ಚೆನ್ನಾಗಿ ಹೋಗುತ್ತದೆ ಅನ್ನುವ ಆಸೆ.

ದುಡ್ಡಿನ ವಿಷಯ. ಆಗ ನಾವು ಮಾತಾಡಿಕೊಂಡದ್ದು ಬ್ಯಾನರ್ ಮತ್ತು ಲೋಗೋಗೆ 3,500 ರೂಪಾಯಿ. ಅದರಲ್ಲಿ ಮೂಲ ಫೈಲ್ ಸೇರಿದೆಯೋ ಇಲ್ಲವೋ ನಾನು ಕೇಳಲಿಲ್ಲ, ನೀವೂ ಹೇಳಲಿಲ್ಲ. ನನ್ನ ಮನಸ್ಸಿನಲ್ಲಿ ಸೇರಿದೆ ಅಂತಲೇ ಇತ್ತು, ನಮ್ಮ ಅಂಗಡಿಯ ಗುರುತು ನಮ್ಮ ಹತ್ತಿರ ಇರಬೇಕಲ್ಲ. ಆದರೆ ಹೊಸ ಸಾಲು ಸೇರಿಸುವುದು, ಬಣ್ಣ ಸರಿಮಾಡುವುದು ಬೇರೆ ಕೆಲಸ. ಅದಕ್ಕೆ ಎಷ್ಟಾಗುತ್ತದೆ ಹೇಳಿ, ಅವತ್ತೇ ಹಾಕುತ್ತೇನೆ. ಮೂಲ ಫೈಲಿಗೂ ನೀವು ಬೇರೆ ದರ ಇಟ್ಟಿದ್ದರೆ ಸಂಕೋಚ ಬೇಡ, ಮಾತಾಡೋಣ.

ಫೆಬ್ರವರಿ 6, ಶುಕ್ರವಾರದ ಒಳಗೆ ಸಿಕ್ಕಿದರೆ ಸಾಕು. ಜಾತ್ರೆ ಹತ್ತಿರ ಬಂದ ಹಾಗೆ ಇಲ್ಲಿ ಪ್ರಿಂಟ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಿಮ್ಮ ಹತ್ತಿರ ಇರುವ ನನ್ನ ಇಮೇಲ್‌ಗೆ ಡ್ರೈವ್ ಲಿಂಕ್ ಕಳಿಸಿ. ವಾಟ್ಸಾಪೇ ಆದರೆ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಇಷ್ಟಾದರೂ ಕಲಿತೆ ನಾನು.

ಹಳೆಯ ಕಂಪ್ಯೂಟರ್ ಕೆಟ್ಟು ಫೈಲ್ ಸಿಗುತ್ತಿಲ್ಲ ಅಂತಾದರೆ ನಾಳೆಯೇ ಒಂದು ಫೋನ್ ಮಾಡಿಬಿಡಿ. ಬೇಜಾರೇನಿಲ್ಲ, ಆದರೆ ಮತ್ತೆ ಬಿಡಿಸಲು ನಿಮಗೂ ಸಮಯ ಬೇಕು.

ಫೈಲ್ ಬಂದ ಕೂಡಲೆ ಮೊದಲು 'ಅಪ್ಪೆ' ಇರುವ ಒಂದು ಅಡಿ ತುಂಡನ್ನು ಮಾತ್ರ ಪ್ರಿಂಟ್ ಹಾಕಿಸುತ್ತೇನೆ. ಒತ್ತಕ್ಷರ ಸರಿಯಾಗಿ ಬಂದಿದೆಯಾ ಅಂತ ಫೋಟೋ ತೆಗೆದು ನಿಮಗೆ ಕಳಿಸುತ್ತೇನೆ. ನೀವು ಸರಿ ಅಂದ ಮೇಲೇ ಪೂರ್ತಿ ಬ್ಯಾನರ್.

ಇಂತಿ,
ಗೀತಾ